ಹುಟ್ಟಿದ ತಿಂಗಳು, ಓದಿದ ವರ್ಷ, ಎಣಿಸುವ ಸಂಬಳ

ಒಂದು ವರ್ಷ ಹೆಚ್ಚು ಓದಿದರೆ ಸಂಬಳ ಎಷ್ಟು ಏರುತ್ತದೆ? ಅಮೆರಿಕದ 1980ರ ಜನಗಣತಿಯಲ್ಲಿ ಇದಕ್ಕೊಂದು ಸಲೀಸಾದ ಉತ್ತರವಿದೆ. 1930ರಿಂದ 1939ರೊಳಗೆ ಹುಟ್ಟಿದ ಸುಮಾರು 3.3 ಲಕ್ಷ ಗಂಡಸರ ವಾರದ ಸಂಬಳವನ್ನು ಅವರು ಓದಿದ ವರ್ಷಗಳ ಜೊತೆ ಇಟ್ಟು ರಿಗ್ರೆಶನ್ ಮಾಡಿದರೆ, ವರ್ಷಕ್ಕೆ ಸುಮಾರು ಶೇ. 7ರ ಏರಿಕೆ ಕಾಣುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ಅದಷ್ಟನ್ನೂ ಓದಿನ ಫಲವೆನ್ನಲಾಗದು.

ಏಕೆಂದರೆ ಯಾರು ಎಷ್ಟು ಓದಬೇಕೆಂದು ಚೀಟಿ ಎತ್ತಿ ತೀರ್ಮಾನಿಸುವುದಿಲ್ಲ. ಚುರುಕಾದವರು, ಅನುಕೂಲಸ್ಥರ ಮನೆಯವರು ಹೆಚ್ಚು ಓದುತ್ತಾರೆ. ಓದದಿದ್ದರೂ ಅವರು ಒಂದಿಷ್ಟು ಹೆಚ್ಚೇ ಗಳಿಸುತ್ತಿದ್ದರೇನೋ. ಆ ಚುರುಕುತನ ಜನಗಣತಿಯ ಯಾವ ಕಾಲಮ್ಮಿನಲ್ಲೂ ಇಲ್ಲ, ಹಾಗಾಗಿ ಅದರ ಪಾಲೂ ಓದಿನ ಖಾತೆಗೇ ಜಮೆಯಾಗುತ್ತದೆ. ಅರ್ಥಶಾಸ್ತ್ರಜ್ಞರು ಇಂಥ ಓದನ್ನು 'ಎಂಡಾಜಿನಸ್' ಎನ್ನುತ್ತಾರೆ: ಸಂಬಳವನ್ನು ನಿರ್ಧರಿಸುವ ಕಾಣದ ಕಾರಣಗಳೇ ಓದನ್ನೂ ನಿರ್ಧರಿಸುತ್ತಿರುತ್ತವೆ.

ಇದಕ್ಕೆ ಅವರು ಹುಡುಕುವ ಮದ್ದು 'ಇನ್‌ಸ್ಟ್ರುಮೆಂಟ್'. ಅದು ಓದಿನ ವರ್ಷಗಳನ್ನು ಹೆಚ್ಚು ಕಡಿಮೆ ಮಾಡುವ ಒಂದು ಹೊರಗಿನ ಸಂಗತಿ. ಅದಕ್ಕೆ ಎರಡು ಷರತ್ತುಗಳಿವೆ. ಮೊದಲನೆಯದು, ಅದು ಓದನ್ನು ನಿಜಕ್ಕೂ ಅಲುಗಿಸಬೇಕು. ಎರಡನೆಯದು, ಸಂಬಳವನ್ನು ಅದು ಮುಟ್ಟುವುದಾದರೆ ಓದಿನ ಮೂಲಕ ಮಾತ್ರ ಮುಟ್ಟಬೇಕು, ಬೇರೆ ಯಾವ ದಾರಿಯಿಂದಲೂ ಅಲ್ಲ.

ಜೋಶುವಾ ಆಂಗ್ರಿಸ್ಟ್ ಮತ್ತು ಅಲನ್ ಕ್ರೂಗರ್ 1991ರಲ್ಲಿ ಆರಿಸಿಕೊಂಡ ಇನ್‌ಸ್ಟ್ರುಮೆಂಟ್ ಮೊದಲ ನೋಟಕ್ಕೆ ತಮಾಷೆಯಾಗಿ ಕಾಣುತ್ತದೆ. ಅದು ಹುಟ್ಟಿದ ತಿಂಗಳು, ಸರಿಯಾಗಿ ಹೇಳುವುದಾದರೆ ವರ್ಷದ ಯಾವ ತ್ರೈಮಾಸಿಕದಲ್ಲಿ ಹುಟ್ಟಿದ್ದು ಎಂಬುದು. ಇದರ ಹಿಂದಿರುವುದು ಕಡ್ಡಾಯ ಶಿಕ್ಷಣದ ಕಾನೂನು. ಅಮೆರಿಕದ ಅನೇಕ ಕಡೆ ಒಂದೇ ವರ್ಷ ಹುಟ್ಟಿದವರೆಲ್ಲ ಒಂದೇ ಸೆಪ್ಟೆಂಬರಿನಲ್ಲಿ ಶಾಲೆ ಸೇರುತ್ತಿದ್ದರು. ಶಾಲೆ ಬಿಡಲು ಅನುಮತಿ ಸಿಗುತ್ತಿದ್ದುದು ಮಾತ್ರ ಹದಿನಾರನೆಯ (ಕೆಲವು ರಾಜ್ಯಗಳಲ್ಲಿ ಹದಿನೇಳು, ಹದಿನೆಂಟನೆಯ) ಹುಟ್ಟುಹಬ್ಬದಂದು. 1930ರ ಜನವರಿಯಲ್ಲಿ ಹುಟ್ಟಿದ ಹುಡುಗನನ್ನೂ ಅದೇ ಡಿಸೆಂಬರಿನಲ್ಲಿ ಹುಟ್ಟಿದವನನ್ನೂ ನೋಡಿ. ಇಬ್ಬರೂ 1936ರ ಸೆಪ್ಟೆಂಬರಿನಲ್ಲಿ ಒಂದನೇ ತರಗತಿಗೆ ಸೇರುತ್ತಾರೆ. ಮೊದಲಿನವನಿಗೆ 1946ರ ಜನವರಿಯಲ್ಲಿ, ಹತ್ತನೆಯ ತರಗತಿಯ ನಡುವೆ, ಹದಿನಾರು ತುಂಬುತ್ತದೆ. ಎರಡನೆಯವನು ಡಿಸೆಂಬರಿನವರೆಗೆ ಕಾಯಬೇಕು, ಅಷ್ಟರಲ್ಲಿ ಅವನು ಹನ್ನೊಂದನೆಯದರಲ್ಲಿರುತ್ತಾನೆ. ಹುಟ್ಟುಹಬ್ಬದ ದಿನವೇ ಶಾಲೆ ಬಿಡಬೇಕೆಂದು ಕಾಯುವ ಹುಡುಗರಿಗೆ ಇದು ಸುಮಾರು ಒಂದು ವರ್ಷದ ವ್ಯತ್ಯಾಸ. ಕಾಲೇಜಿಗೆ ಹೋಗುವವರಿಗೆ ಈ ಕಾನೂನು ಲೆಕ್ಕಕ್ಕೇ ಇಲ್ಲ. ಹಾಗಾಗಿ ಎಲ್ಲರನ್ನೂ ಸೇರಿಸಿ ಸರಾಸರಿ ತೆಗೆದರೆ ವ್ಯತ್ಯಾಸ ಬಹಳ ಸಣ್ಣದಾಗುತ್ತದೆ. ಮೊದಲ ತ್ರೈಮಾಸಿಕದಲ್ಲಿ ಹುಟ್ಟಿದವರು ಉಳಿದವರಿಗಿಂತ 0.109 ವರ್ಷ ಕಡಿಮೆ ಓದಿದ್ದರು, ಶೇ. 1.11ರಷ್ಟು ಕಡಿಮೆ ಗಳಿಸುತ್ತಿದ್ದರು.

ಮುಂದಿನದು ಬರೀ ಭಾಗಾಕಾರ. 1.11ನ್ನು 0.109ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು ಶೇ. 10.2. ಚುರುಕುತನದ ಪಾಲನ್ನು ಕಳೆದರೆ ಉತ್ತರ ಶೇ. 7ಕ್ಕಿಂತ ಕೆಳಗಿಳಿಯಬೇಕು ಎಂದುಕೊಂಡವರಿಗೆ ಅದು ಮೇಲೇರಿದ್ದು ಅಚ್ಚರಿಯೆನಿಸಬಹುದು. ಆದರೆ ಈ ಅಂದಾಜು, ಕಾನೂನು ತಡೆದದ್ದರಿಂದಲೇ ಶಾಲೆಯಲ್ಲಿ ಉಳಿದ ಹುಡುಗರದ್ದು, ಎಲ್ಲರದ್ದೂ ಅಲ್ಲ.

ಈ ಭಾಗಾಕಾರದಲ್ಲೇ ಅಪಾಯವೂ ಇದೆ. ಭಾಜಕ ಸೊನ್ನೆಯ ಹತ್ತಿರಕ್ಕೆ ಬಂದಷ್ಟೂ ಉತ್ತರ ಹುಚ್ಚುಚ್ಚಾಗಿ ಕುಣಿಯುತ್ತದೆ. ಆ 0.109 ನಿಜವಾದ ವ್ಯತ್ಯಾಸವೋ, ಸ್ಯಾಂಪಲ್ಲಿನ ಆಕಸ್ಮಿಕವೋ? ಇದನ್ನು ತಿಳಿಯಲು ಸಂಬಳವನ್ನು ಪಕ್ಕಕ್ಕಿಟ್ಟು ಓದಿನದ್ದೇ ಒಂದು ರಿಗ್ರೆಶನ್ ಮಾಡುತ್ತಾರೆ. ಅದಕ್ಕೆ 'ಮೊದಲ ಹಂತ' ಎಂದು ಹೆಸರು. ವಯಸ್ಸು, ರಾಜ್ಯದಂಥ ವಿವರಗಳನ್ನು ಹಾಗೇ ಇಟ್ಟುಕೊಂಡು, ಇನ್‌ಸ್ಟ್ರುಮೆಂಟ್ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕುತ್ತಾರೆ. ಸೇರಿಸಿದ್ದರಿಂದ ಓದನ್ನು ವಿವರಿಸುವ ಶಕ್ತಿ ಎಷ್ಟು ಹೆಚ್ಚಿತು ಎಂಬುದನ್ನು ಹೇಳುವುದೇ ಎಫ್ ಸಂಖ್ಯೆ. ಇನ್‌ಸ್ಟ್ರುಮೆಂಟ್ ಒಂದೇ ಇದ್ದರೆ ಲೆಕ್ಕ ಸುಲಭ: ಅದರ ಗುಣಾಂಕವನ್ನು ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿ ವರ್ಗ ಮಾಡಿದರೆ ಸಾಕು. ಇಲ್ಲಿ 0.1088ನ್ನು 0.0132ರಿಂದ ಭಾಗಿಸಿದರೆ 8.24, ಅದರ ವರ್ಗ ಸುಮಾರು 68. ಇನ್‌ಸ್ಟ್ರುಮೆಂಟ್ ಪೂರ್ತಿ ನಿರುಪಯುಕ್ತವಾಗಿದ್ದರೆ ಎಫ್ 1ರ ಆಸುಪಾಸಿನಲ್ಲಿರುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಇಡೀ ರಿಗ್ರೆಶನ್ನಿನ ಎಫ್ ಕೂಡ ಕಾಣುತ್ತದೆ. ವಯಸ್ಸು, ರಾಜ್ಯಗಳ ಬಲವೂ ಅದರಲ್ಲಿ ಸೇರಿರುವುದರಿಂದ ಅದು ದೊಡ್ಡದಾಗಿರುತ್ತದೆ. ಅದನ್ನೇ ತೋರಿಸಿ ಸಮಾಧಾನಪಟ್ಟುಕೊಳ್ಳುವುದು ಹೊಸಬರು ಮಾಡುವ ತಪ್ಪು.

68 ನೆಮ್ಮದಿಯ ಸಂಖ್ಯೆಯೇ. ಆದರೆ ಆಂಗ್ರಿಸ್ಟ್ ಮತ್ತು ಕ್ರೂಗರ್ ಅಷ್ಟಕ್ಕೇ ನಿಲ್ಲಲಿಲ್ಲ. ಅಂದಾಜನ್ನು ಇನ್ನಷ್ಟು ನಿಖರಗೊಳಿಸಲು ತ್ರೈಮಾಸಿಕಗಳನ್ನು ಹುಟ್ಟಿದ ವರ್ಷದೊಂದಿಗೆ ಹೆಣೆದು 30 ಇನ್‌ಸ್ಟ್ರುಮೆಂಟ್ ಮಾಡಿದರು. ರಾಜ್ಯಗಳೊಂದಿಗೂ ಹೆಣೆದಾಗ ಅವು 180 ಆದವು. ಉತ್ತರದ ದೋಷಮಿತಿ ಕಿರಿದಾಯಿತು. 1995ರಲ್ಲಿ ಬೌಂಡ್, ಜೇಗರ್, ಬೇಕರ್ ಎಂಬ ಮೂವರು ಇದೇ ಲೆಕ್ಕಗಳ ಮೊದಲ ಹಂತವನ್ನು ತೆರೆದು ನೋಡಿದರು. 30 ಇನ್‌ಸ್ಟ್ರುಮೆಂಟಿನ ಎಫ್ 5ಕ್ಕಿಂತ ಕೆಳಗಿತ್ತು, 180ರದ್ದು 2ರ ಆಸುಪಾಸಿನಲ್ಲಿತ್ತು.

ಆಮೇಲೆ ಅವರು ಪ್ರತಿಯೊಬ್ಬನಿಗೂ ಒಂದು ಸುಳ್ಳು ತ್ರೈಮಾಸಿಕವನ್ನು ಮನಸ್ಸಿಗೆ ಬಂದಂತೆ ಹಂಚಿ ಲೆಕ್ಕವನ್ನು ಮತ್ತೆ ಹಾಕಿದರು. ಆ ತ್ರೈಮಾಸಿಕಕ್ಕೂ ಓದಿಗೂ ಯಾವ ಸಂಬಂಧವೂ ಇರಲು ಸಾಧ್ಯವಿಲ್ಲ. ಉತ್ತರ ಅರ್ಥಹೀನವಾಗಬೇಕಿತ್ತು. ಬಂದದ್ದು ವರ್ಷಕ್ಕೆ ಶೇ. 6ರ ಆಸುಪಾಸು. ಅಂದರೆ ಸಾಮಾನ್ಯ ರಿಗ್ರೆಶನ್ ಕೊಡುವ ಉತ್ತರದ ಪಕ್ಕದಲ್ಲೇ. ಇನ್‌ಸ್ಟ್ರುಮೆಂಟುಗಳು ಹೆಚ್ಚಿದ್ದಾಗಲಂತೂ ದೋಷಮಿತಿಯೂ ನಂಬುವಂತಿತ್ತು. ಅಂತಿಮ ಕೋಷ್ಟಕವನ್ನಷ್ಟೇ ನೋಡಿದವರಿಗೆ ಮೋಸ ತಿಳಿಯುವ ದಾರಿಯೇ ಇರಲಿಲ್ಲ. ಅದನ್ನು ಬಯಲು ಮಾಡುತ್ತಿದ್ದುದು ಮೊದಲ ಹಂತದ ಎಫ್ ಒಂದೇ.

ಹೀಗೇಕಾಗುತ್ತದೆ? ನೂರಾರು ದುರ್ಬಲ ಇನ್‌ಸ್ಟ್ರುಮೆಂಟುಗಳನ್ನು ಕೊಟ್ಟರೆ, ಮೊದಲ ಹಂತವು ಆಕಸ್ಮಿಕ ಏರಿಳಿತಗಳನ್ನೂ ಹಿಡಿದು ಓದಿನ ವರ್ಷವನ್ನು ಊಹಿಸುತ್ತದೆ. ಆ ಏರಿಳಿತಗಳಲ್ಲಿ ಜನರ ಚುರುಕುತನವೂ ಬೆರೆತಿರುತ್ತದೆ. ಹೊರಹಾಕಬೇಕೆಂದಿದ್ದ ದೋಷ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಒರಟು ಲೆಕ್ಕದಲ್ಲಿ, ಇನ್‌ಸ್ಟ್ರುಮೆಂಟುಗಳು ಹಲವಿದ್ದಾಗ ಸಾಮಾನ್ಯ ರಿಗ್ರೆಶನ್ನಿನ ದೋಷದಲ್ಲಿ ಎಫ್‌ನಷ್ಟರಲ್ಲಿ ಒಂದು ಪಾಲು ಉಳಿದುಬಿಡುತ್ತದೆ: ಎಫ್ 10 ಇದ್ದರೆ ಹತ್ತರಲ್ಲೊಂದು, 2 ಇದ್ದರೆ ಅರ್ಧದಷ್ಟು. 1997ರಲ್ಲಿ ಸ್ಟೈಗರ್ ಮತ್ತು ಸ್ಟಾಕ್ ಮುಂದಿಟ್ಟ 'ಎಫ್ 10ಕ್ಕಿಂತ ಹೆಚ್ಚಿರಲಿ' ಎಂಬ ಸೂತ್ರ ಇಂಥ ಲೆಕ್ಕದಿಂದಲೇ ರೂಢಿಗೆ ಬಂತು. ಆದರೆ 10 ದಾಟಿದರೆ ಎಲ್ಲವೂ ಕ್ಷೇಮವೆಂದಲ್ಲ. ಇನ್‌ಸ್ಟ್ರುಮೆಂಟ್ ಒಂದೇ ಇದ್ದು, ರೂಢಿಯ ಶೇ. 5ರ ಪರೀಕ್ಷೆ ಎಂಥ ಸಂದರ್ಭದಲ್ಲೂ ನಿಜಕ್ಕೂ ಶೇ. 5ರದ್ದೇ ಆಗಿರಬೇಕಾದರೆ ಎಫ್ 104.7 ದಾಟಬೇಕೆಂದು ಲೀ ಮತ್ತು ಸಂಗಡಿಗರು 2022ರಲ್ಲಿ ತೋರಿಸಿದರು.

ಎಫ್ ಎಷ್ಟೇ ದೊಡ್ಡದಿದ್ದರೂ ಅದು ಮೊದಲ ಷರತ್ತಿನ ಸಾಕ್ಷಿ ಮಾತ್ರ, ಎರಡನೆಯದರ ಬಗ್ಗೆ ಏನೂ ಹೇಳುವುದಿಲ್ಲ. ಚಳಿಗಾಲದಲ್ಲಿ ಹೆರುವ ತಾಯಂದಿರಲ್ಲಿ ಹದಿಹರೆಯದವರ, ಕಡಿಮೆ ಓದಿದವರ ಪ್ರಮಾಣ ಹೆಚ್ಚೆಂದು ಬಕಲ್ಸ್ ಮತ್ತು ಹಂಗರ್‌ಮನ್ 2013ರಲ್ಲಿ ಬರೆದರು. ಹಾಗಾದರೆ ಹುಟ್ಟಿದ ತಿಂಗಳಿಗೆ ಸಂಬಳವನ್ನು ಮುಟ್ಟಲು ಮನೆಯ ಸ್ಥಿತಿಗತಿಯ ದಾರಿಯೂ ಇದೆ. ಆ ದಾರಿಯಿಂದ ಸಂಬಳ ಶೇ. 0.2ರಷ್ಟು ಮಾತ್ರ ತಗ್ಗುತ್ತದೆ ಎಂದಿಟ್ಟುಕೊಳ್ಳಿ. ಅದನ್ನೂ 0.109ರಿಂದ ಭಾಗಿಸಬೇಕಲ್ಲ, ಉತ್ತರ ಶೇ. 10.2ರಿಂದ 8.4ಕ್ಕೆ ಜಾರುತ್ತದೆ.

ಇದೇ ಉಪಾಯ ನಮ್ಮಲ್ಲಿ ನಡೆದೀತೇ? ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಯ ಜನ್ಮದಿನ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಬರೆದದ್ದು. 6ರಿಂದ 14ರ ವಯಸ್ಸಿನವರ ಶಿಕ್ಷಣ ಹಕ್ಕು ಕಾಯ್ದೆಯಾದರೋ, ಹದಿನಾಲ್ಕು ತುಂಬಿದ ಮೇಲೂ ಎಂಟನೆಯ ತರಗತಿ ಮುಗಿಸುವ ಹಕ್ಕನ್ನು ಕೊಡುತ್ತದೆ. ಹುಟ್ಟುಹಬ್ಬಕ್ಕೂ ಶಾಲೆ ಬಿಡುವುದಕ್ಕೂ ಗಂಟಿಲ್ಲದ ಕಡೆ ಮೊದಲ ಹಂತದಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಇಲ್ಲಿ ಓದಿನ ವರ್ಷಗಳನ್ನು ಹೊರಗಿನಿಂದ ಅಲುಗಿಸಿದ ಬೇರೆಯದೇ ನಿಯಮವನ್ನೋ ಯೋಜನೆಯನ್ನೋ ಹುಡುಕಬೇಕು. ಸಿಕ್ಕಿದ ಮೇಲೂ ಸಂಬಳದ ಕಾಲಮ್ಮಿಗೆ ಕೈಹಾಕುವ ಮೊದಲು ಅದರ ಎಫ್ ನೋಡಬೇಕು.