ಹರಳನ್ನು ಹಿಡಿದಿರುವ ಲೋಹ

ಉಂಗುರವನ್ನು ಕೊಳ್ಳಲು ಹೋದವರು ಹರಳಿನ ಬಣ್ಣವನ್ನೂ ಕಾಂತಿಯನ್ನೂ ತೂಕವನ್ನೂ ಎಷ್ಟು ಶ್ರದ್ಧೆಯಿಂದ ಪರೀಕ್ಷಿಸುವರೋ, ಅಷ್ಟೇ ಶ್ರದ್ಧೆಯಿಂದ ಆ ಹರಳನ್ನು ಹಿಡಿದು ನಿಲ್ಲಿಸಿರುವ ಲೋಹವನ್ನು ಪರೀಕ್ಷಿಸುವುದು ಅಪೂರ್ವ. ಕಾಠಿಣ್ಯದ ಮಾನದಲ್ಲಿ ವಜ್ರದ ಸ್ಥಾನ 10, ಮಾಣಿಕ್ಯ ನೀಲ ಪುಷ್ಯರಾಗಗಳದು 9. ಇವುಗಳನ್ನು ಕಾಯಬೇಕಾದ ಚಿನ್ನವಾದರೋ 3ರ ಆಸುಪಾಸಿನಲ್ಲಿ ನಿಲ್ಲುವಂಥದು. ಆದುದರಿಂದ ದಿನವಿಡೀ ಕೈಕೆಲಸ ಮಾಡುವವರ ಬೆರಳಿನಲ್ಲಿ ಮೊದಲು ಸವೆಯುವುದೂ ಬಾಗುವುದೂ ಲೋಹವೇ. ಹರಳು ಕಳೆದುಹೋಯಿತೆಂದು ನಾವು ಹೇಳುವಾಗ ವಸ್ತುತಃ ಸೋತಿರುವುದು ಅದರ ಕಟ್ಟು.

ಇಂದು ಅಂಗಡಿಗಳಲ್ಲಿ ಅತ್ಯಧಿಕವಾಗಿ ಕಾಣುವ ಕಟ್ಟು ಪ್ರಾಂಗ್ ಎಂಬುದು. ಹಕ್ಕಿಯ ಉಗುರುಗಳಂತೆ ಮೇಲೆದ್ದ ನಾಲ್ಕೋ ಆರೋ ಸಣ್ಣ ಕಂಬಿಗಳು ಹರಳನ್ನು ಅದರ ನಡುವಿನ ಅಂಚಿನಲ್ಲಿ ಹಿಡಿದು, ಉಳಿದ ಮೈಯನ್ನೆಲ್ಲ ಬೆಳಕಿಗೆ ತೆರೆದಿಡುತ್ತವೆ. 1886ರಲ್ಲಿ ನ್ಯೂಯಾರ್ಕಿನ ಟಿಫನಿ ಸಂಸ್ಥೆಯವರು ಆರು ಕಂಬಿಗಳ ಮೇಲೆ ವಜ್ರವನ್ನು ಉಂಗುರದ ಬಳೆಯಿಂದ ಎತ್ತರಿಸಿ ಕೂರಿಸಿದ ವಿನ್ಯಾಸವನ್ನು ಪ್ರಚಾರಕ್ಕೆ ತಂದರು. ಅದರ ಛಾಯೆ ಇಂದಿಗೂ ಊರೂರಿನ ನಿಶ್ಚಿತಾರ್ಥದ ಉಂಗುರಗಳ ಮೇಲಿದೆ. ಶೋಭೆಯಲ್ಲಿ ಇದನ್ನು ಮೀರಿಸುವ ಕಟ್ಟಿಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಆ ಶೋಭೆಗೆ ಕಾರಣವಾದ ಎತ್ತರವೇ ಅದರ ದೌರ್ಬಲ್ಯಕ್ಕೂ ಕಾರಣ.

ಕೂರಿಸುವ ಕ್ರಮವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕುಶಲಿಯಾದ ಅಕ್ಕಸಾಲಿಗನು ಉಂಗುರವನ್ನು ಅರಗಿನಲ್ಲಿ ಭದ್ರಪಡಿಸಿಕೊಂಡು, ಪ್ರತಿಯೊಂದು ಕಂಬಿಯ ಒಳಮೈಯಲ್ಲಿ ಒಂದೇ ಎತ್ತರಕ್ಕೆ ಸಣ್ಣ ಕಚ್ಚುಗಳನ್ನು ಕೊರೆದು, ಹರಳಿನ ಅಂಚು ಆ ಕಚ್ಚುಗಳಲ್ಲಿ ಸಮವಾಗಿ ಕುಳಿತ ಬಳಿಕ ಕಂಬಿಯ ತುದಿಯನ್ನು ಹರಳಿನ ಮೇಲಕ್ಕೆ ಬಾಗಿಸಿ ನುಣುಪುಗೊಳಿಸುತ್ತಾನೆ. ಕಚ್ಚಿನ ಆಳ ಕಂಬಿಯ ದಪ್ಪದ ಮೂರನೆಯ ಒಂದು ಭಾಗವನ್ನು ಮೀರದಿದ್ದರೆ ಕಂಬಿಯ ಬಲ ಉಳಿಯುತ್ತದೆ. ಅವಸರದಿಂದ ಅರ್ಧಕ್ಕಿಂತ ಹೆಚ್ಚು ಕೊರೆದರೆ, ಹೊರಗಿನಿಂದ ನಿರ್ದೋಷವಾಗಿ ಕಾಣುವ ಕಂಬಿ ಒಂದು ದಿನ ಬಾಗಿಲಿನ ಚಿಲಕಕ್ಕೆ ಸಿಕ್ಕಿ ಅದೇ ಕಚ್ಚಿನಲ್ಲಿ ಮುರಿಯುತ್ತದೆ. ನಾಲ್ಕು ಕಂಬಿಗಳ ಉಂಗುರದಲ್ಲಿ ಒಂದು ಮುರಿದರೆ ಹರಳು ಜಾರಲು ದಾರಿಯಾದಂತೆಯೇ. ಆರಿದ್ದರೆ ಉಳಿದ ಐದು ಅದನ್ನು ಅಕ್ಕಸಾಲಿಗನ ಬಳಿಗೆ ಒಯ್ಯುವವರೆಗಾದರೂ ಕಾಪಾಡುವ ಸಂಭವವುಂಟು.

ಈಗ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಮದುವೆ ಮುಂಜಿಗಳಿಗೆ ಅಡುಗೆ ಮಾಡುವವರೊಬ್ಬರು, ಜೋಯಿಸರ ಮಾತಿನಂತೆ ಗುರುಗ್ರಹದ ಪ್ರೀತ್ಯರ್ಥವಾಗಿ ತೋರುಬೆರಳಿಗೆ ಪುಷ್ಯರಾಗದ ಉಂಗುರವನ್ನು ಮಾಡಿಸಿದ್ದಾರೆನ್ನಿ. ಹರಳು ಅಂಡಾಕಾರದ್ದು, 8 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಅಗಲ. ಕಟ್ಟು ನಾಲ್ಕು ಕಂಬಿಗಳದು. ಚಿನ್ನ 22 ಕ್ಯಾರೆಟ್. ಅವರು ದಿನವೂ ಹಿಟ್ಟು ನಾದಬೇಕು, ತೆಂಗಿನಕಾಯಿ ತುರಿಯಬೇಕು, ಕೊಪ್ಪರಿಗೆಯ ಬಳೆಗಳಲ್ಲಿ ಬೆರಳು ತೂರಿಸಿ ಎತ್ತಬೇಕು. ಕೆಲವು ತಿಂಗಳುಗಳಲ್ಲಿ ಹರಳಿನ ಕೆಳಗೆ ಹಿಟ್ಟು ಸೇರಿ ಗಟ್ಟಿಯಾಗುತ್ತದೆ, ಕೊಪ್ಪರಿಗೆಯ ಬಳೆ ಒಂದು ಕಂಬಿಯನ್ನು ಕೂದಲೆಳೆಯಷ್ಟು ಹೊರಕ್ಕೆ ತಳ್ಳುತ್ತದೆ. ಇದರ ಮೊದಲ ಸೂಚನೆ ಕಣ್ಣಿಗಲ್ಲ, ಬಟ್ಟೆಗೆ ತಿಳಿಯುವುದು: ಕೈ ಒರೆಸುವಾಗ ಪಂಚೆಯ ನೂಲು ಕಂಬಿಗೆ ಸಿಕ್ಕಿಕೊಳ್ಳತೊಡಗುತ್ತದೆ. ಎರಡನೆಯ ಸೂಚನೆ ಕಿವಿಗೆ. ಉಂಗುರವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ಮೆಲ್ಲನೆ ತಟ್ಟಿದರೆ ಸಡಿಲವಾದ ಹರಳು ಕಿಟಿಕಿಟಿ ಎನ್ನುತ್ತದೆ. ವಿಚಿತ್ರವೆಂದರೆ, ಒಳಗೆ ಸೇರಿದ ಹಿಟ್ಟು ಗಟ್ಟಿಯಾಗಿ ಹರಳನ್ನು ಅಲುಗದಂತೆ ಹಿಡಿದುಕೊಂಡು ಈ ಸದ್ದನ್ನು ಅಡಗಿಸಿಬಿಡುವುದೂ ಉಂಟು. ಆದುದರಿಂದ ಬೆಚ್ಚನೆಯ ಸಾಬೂನಿನ ನೀರಿನಲ್ಲಿ ನೆನೆಸಿ, ಮೃದುವಾದ ಬ್ರಷ್ಷಿನಿಂದ ತೊಳೆದ ಮೇಲೆಯೇ ತಟ್ಟಿ ನೋಡಬೇಕು. ಒಂದು ಪಾತ್ರೆಯೊಳಗೇ ತೊಳೆಯುವುದು ವಿವೇಕ, ಬಚ್ಚಲ ತೂಬಿನ ಮೇಲಲ್ಲ.

ಈ ಅಡುಗೆಯವರಿಗೆ ಯೋಗ್ಯವಾದದ್ದು ಬೆಜೆಲ್ ಕಟ್ಟು. ಇದರಲ್ಲಿ ಹರಳಿನ ಸುತ್ತಲೂ ಅರ್ಧ ಮಿಲಿಮೀಟರಿನಷ್ಟು ದಪ್ಪದ ಚಿನ್ನದ ಪಟ್ಟಿಯೊಂದು ಕೋಟೆಯಂತೆ ನಿಂತಿರುತ್ತದೆ. ಪಟ್ಟಿಯನ್ನು ಹರಳಿನ ಅಳತೆಗೆ ಬಾಗಿಸಿ, ಬೆಸುಗೆಯ ಕೆಲಸವನ್ನೆಲ್ಲ ಮೊದಲೇ ಮುಗಿಸಿ, ಒಳಗೆ ಹರಳು ಕೂರಲು ಮೆಟ್ಟಿಲೊಂದನ್ನು ಕೊರೆದು, ಆಮೇಲೆ ಹರಳನ್ನಿಟ್ಟು ಪಟ್ಟಿಯ ಅಂಚನ್ನು ಒಳಕ್ಕೆ ಒತ್ತುತ್ತಾರೆ. ಒತ್ತುವುದಕ್ಕೂ ಒಂದು ಕ್ರಮವಿದೆ: ಮೊದಲು ಎದುರುಬದುರಾಗಿ ನಾಲ್ಕು ಕಡೆ, ಅನಂತರ ಅವುಗಳ ನಡುವೆ. ಒಂದೇ ಕಡೆಯಿಂದ ಸುತ್ತುತ್ತ ಬಂದರೆ ಮಿಕ್ಕ ಲೋಹವೆಲ್ಲ ಕೊನೆಯಲ್ಲಿ ಸುಕ್ಕುಗಟ್ಟಿ ನಿಲ್ಲುತ್ತದೆ. ಪಟ್ಟಿಗೂ ಹರಳಿಗೂ ನಡುವೆ ಎಲ್ಲಿಯೂ ಕಪ್ಪು ಗೆರೆಯಂತಹ ಸಂದು ಕಾಣದಿದ್ದರೆ ಕೆಲಸ ಶುದ್ಧವಾಗಿದೆಯೆಂದು ತಿಳಿಯಬಹುದು. ಹರಳು ಚರ್ಮಕ್ಕೆ ತಗುಲಬೇಕೆಂಬ ಜೋಯಿಸರ ನಿಯಮಕ್ಕೂ ಇದರಿಂದ ಭಂಗವಿಲ್ಲ, ತಳವನ್ನು ತೆರೆದಿಟ್ಟರಾಯಿತು. ಆ ತೆರವು ಅಗಲವಾಗಿರಲಿ, ತೊಳೆಯುವಾಗ ಬ್ರಷ್ಷು ಒಳಹೋಗಬೇಕು.

ಚಿನ್ನದ ವಿಷಯದಲ್ಲಿ ಮಾತ್ರ ಅವರು ನಮ್ಮವರ ಒಂದು ಹಟವನ್ನು ಬಿಡಬೇಕಾದೀತು. 22 ಕ್ಯಾರೆಟ್ಟಿಗೆ ಕಡಿಮೆಯಾದದ್ದನ್ನು ಚಿನ್ನವೆಂದೇ ಎಣಿಸದ ಮನೆಗಳು ನಮ್ಮಲ್ಲಿ ಬಹಳ. ಆದರೆ ಸಾವಿರಕ್ಕೆ 916 ಭಾಗ ಶುದ್ಧವಾದ ಆ ಚಿನ್ನ ಸರಕ್ಕೂ ಬಳೆಗೂ ಒಪ್ಪುವಂತೆ ಹರಳಿನ ಕಟ್ಟಿಗೆ ಒಪ್ಪದು. 750 ಭಾಗದ 18 ಕ್ಯಾರೆಟ್ ಚಿನ್ನ ಅದಕ್ಕಿಂತ ಗಡುಸು. ಶುದ್ಧ ಚಿನ್ನದ ಮೃದುತ್ವವನ್ನೇ ಬಂಡವಾಳವಾಗಿಸಿಕೊಂಡ ಕುಂದಣದ ಕಲೆಯಲ್ಲಿ ಅರಗು ತುಂಬಿದ ಗೂಡಿನಲ್ಲಿ ಹರಳನ್ನಿಟ್ಟು, ಸುತ್ತಲೂ ಚಿನ್ನದ ತಗಡನ್ನು ಒತ್ತಿ ಬಿಗಿಯುತ್ತಾರೆ. ಅದು ಹಾರಕ್ಕೂ ಓಲೆಗೂ ಶ್ಲಾಘ್ಯವೇ ಆದರೂ ಒಲೆಯ ಶಾಖವನ್ನೂ ನೀರನ್ನೂ ನಿತ್ಯವೂ ಕಾಣುವ ಬೆರಳಿಗೆ ಸಲ್ಲದು. ಅರಗು ಬಿಸಿಗೆ ಮೆತ್ತಗಾಗುತ್ತದೆ.

ಬೆಜೆಲ್ಲಿಗೂ ಮಿತಿಯಿದೆ. ಪಕ್ಕದಿಂದ ಬರುವ ಬೆಳಕನ್ನು ಅದು ತಡೆಯುವುದು ನಿಜ, ಕೆಲವು ಹರಳುಗಳು ಸ್ವಲ್ಪ ಮಂಕಾಗಿ ಕಾಣುವುದೂ ನಿಜ. ಅದು ಕಾಯುವುದು ಅಂಚನ್ನು, ಮೇಲ್ಮೈಯನ್ನಲ್ಲ. ಪಚ್ಚೆಯಾದರೆ ಒಳಗಿನ ಸಹಜವಾದ ಬಿರುಕುಗಳಿಂದಾಗಿ ಪೆಟ್ಟಿಗೆ ಸೀಳಬಲ್ಲುದು. ಮುತ್ತು ಹವಳಗಳ ಮೈ ಸಾಮಾನ್ಯ ಧೂಳಿಗೇ ಗೀರುಬೀಳುವಷ್ಟು ಮೃದು. ನವರತ್ನದ ಉಂಗುರದಲ್ಲಿ ವಜ್ರದ ಮಗ್ಗುಲಲ್ಲಿಯೇ ಮುತ್ತು ಕುಳಿತಿರುವುದರಿಂದ ಅಂಥ ಉಂಗುರವನ್ನು ಕೆಲಸದ ಕೈಗೆ ಹಾಕದಿರುವುದೇ ಲೇಸು.

ಚಾನೆಲ್ ಎಂಬ ಮೂರನೆಯ ಕಟ್ಟಿನಲ್ಲಿ ಸಣ್ಣ ಹರಳುಗಳು ಎರಡು ಲೋಹದ ಗೋಡೆಗಳ ನಡುವೆ, ಅವುಗಳಲ್ಲಿ ಕೊರೆದ ಗಾಡಿಗೆ ಅಂಚನ್ನು ಕೊಟ್ಟು ಸಾಲಾಗಿ ಕುಳಿತಿರುತ್ತವೆ. ಮೇಲೆ ಏನೂ ಚಾಚಿಕೊಂಡಿರದ ಕಾರಣ ನೂಲಾಗಲಿ ಕೈಗವಸಾಗಲಿ ಸಿಕ್ಕಿಕೊಳ್ಳದು. ದಾದಿಯರಿಗೂ ನೇಯುವವರಿಗೂ ಇದು ಪ್ರಿಯವಾಗುವುದು ಸಹಜ. ಆದರೆ ಭಾರವಾದ ಹಿಡಿಯನ್ನು ಬಿಗಿದು ಹಿಡಿದಾಗ ಉಂಗುರದ ವೃತ್ತ ಅಂಡಾಕಾರಕ್ಕೆ ತಿರುಗಿದರೆ ಗೋಡೆಗಳು ಹರಳುಗಳಿಂದ ಅಗಲುತ್ತವೆ, ಒಂದು ಹರಳು ಉದುರಿದರೆ ನೆರೆಯವು ಸಡಿಲಗೊಳ್ಳುತ್ತವೆ. ಅಳತೆಯನ್ನು ಹೆಚ್ಚಿಸುವುದೂ ತಗ್ಗಿಸುವುದೂ ಇದರಲ್ಲಿ ಕಷ್ಟಸಾಧ್ಯವಾದುದರಿಂದ, ಕೊಳ್ಳುವಾಗಲೇ ಬೆರಳಿಗೆ ಸರಿಹೊಂದುವುದನ್ನು ಆರಿಸಬೇಕು. ಬಳೆಯ ಕೆಳಭಾಗ ತೆಳುವಾಗಿದ್ದರೆ ಅಂಗಡಿಯವರು ಎಷ್ಟು ಹೊಗಳಿದರೂ ಬೇಡವೆನ್ನಬೇಕು.

ಯಾವ ಕಟ್ಟನ್ನು ಆರಿಸಿದರೂ ವರ್ಷಕ್ಕೆರಡು ಬಾರಿ ಅಕ್ಕಸಾಲಿಗರ ಭೂತಗನ್ನಡಿಯ ಕೆಳಗೆ ಅದನ್ನು ಇರಿಸಿ; ಸವೆದ ಕಂಬಿಗೆ ಚಿನ್ನ ಕೂಡಿಸುವ ಖರ್ಚು ಹೊಸ ಹರಳಿನ ಬೆಲೆಯ ಮುಂದೆ ಅಲ್ಪ. ಲೇತ್ ಯಂತ್ರದ ಮುಂದೆ ನಿಲ್ಲುವವರೂ ಲಾರಿಯ ಮೇಲಿಂದ ಕೆಳಕ್ಕೆ ನೆಗೆಯುವವರೂ ಮಾತ್ರ ಕಟ್ಟಿನ ವಿಚಾರವನ್ನೇ ಬದಿಗಿಟ್ಟು, ಕೆಲಸಕ್ಕೆ ಮೊದಲು ಉಂಗುರವನ್ನು ಕಳಚಿಡಬೇಕು. ತಿರುಗುವ ಯಂತ್ರಕ್ಕೋ ಲಾರಿಯ ಕೊಕ್ಕೆಗೋ ಸಿಕ್ಕಿದ ಉಂಗುರ ಹರಳನ್ನು ಉಳಿಸಿಕೊಂಡು ಬೆರಳಿನ ಚರ್ಮಮಾಂಸಗಳನ್ನೇ ಸುಲಿದುಬಿಡಬಲ್ಲದು.