ಮಗಳ ಟೀಚರೇ ಆಪ್ತಸಮಾಲೋಚನೆಗೆ ಬಂದರೆ

ದೊಡ್ಡ ನಗರದಲ್ಲಿ ಆಪ್ತಸಮಾಲೋಚಕರ ಬಳಿ ಹೋಗಿ ಬಂದವರಿಗೆ ಅವರು ಮತ್ತೆ ಬೇರೆಲ್ಲೋ ಎದುರಾಗುವುದು ಅಪರೂಪ. ತಾಲ್ಲೂಕು ಊರಿನಲ್ಲಿ ಹಾಗಲ್ಲ. ಬುಧವಾರ ಎದುರು ಕೂತು ಅತ್ತವರು ಗುರುವಾರ ಸಂತೆಯಲ್ಲಿ, ಭಾನುವಾರ ಮದುವೆಯ ಪಂಕ್ತಿಯಲ್ಲಿ ಪಕ್ಕದಲ್ಲೇ ಸಿಗುತ್ತಾರೆ. ಹೀಗೆ ಒಬ್ಬರೊಂದಿಗೇ ವೃತ್ತಿಯ ನಂಟೂ ಬೇರೊಂದು ನಂಟೂ ಇದ್ದರೆ ಅದನ್ನು ದ್ವಿಸಂಬಂಧ ಎನ್ನುತ್ತಾರೆ. ಪರಿಚಯದವರನ್ನು ನೋಡಲೇಬಾರದು ಎಂದರೆ ಸಣ್ಣ ಊರಿನಲ್ಲಿ ಬಾಗಿಲು ಮುಚ್ಚಬೇಕಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ನೀತಿಸಂಹಿತೆ ಕೂಡ ಎಲ್ಲ ದ್ವಿಸಂಬಂಧವೂ ತಪ್ಪೆನ್ನುವುದಿಲ್ಲ. ಸಮಾಲೋಚಕರ ವಿವೇಚನೆ ಕೆಡುವ, ಬಂದವರಿಗೆ ಹಾನಿ ಅಥವಾ ಶೋಷಣೆಯಾಗುವ ಸಂಭವ ಇದ್ದರೆ ಮಾತ್ರ ಬೇಡ ಎನ್ನುತ್ತದೆ.

ಆ ಸಂಭವ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಮೈಕೆಲ್ ಗಾಟ್ಲೀಬ್ ಎಂಬ ಮನಶ್ಶಾಸ್ತ್ರಜ್ಞ 1993ರಲ್ಲಿ ಮೂರು ವಿಷಯ ನೋಡಿ ಎಂದರು: ಯಾರ ಕೈ ಎಷ್ಟು ಮೇಲಿದೆ, ಸಂಬಂಧ ಎಷ್ಟು ಕಾಲದ್ದು, ಅದಕ್ಕೊಂದು ಸ್ಪಷ್ಟ ಕೊನೆ ಇದೆಯೇ.

ಒಂದು ಸಂದರ್ಭ ಊಹಿಸಿಕೊಳ್ಳೋಣ. ಊರಿನ ಏಕೈಕ ಸಮಾಲೋಚಕಿಯ ಬಳಿಗೆ ಅವರ ಮಗಳ ನಾಲ್ಕನೇ ತರಗತಿಯ ಟೀಚರ್ ಬರುತ್ತಾರೆ. ತಾಯಿ ತೀರಿಕೊಂಡ ಮೇಲೆ ಅವರಿಗೆ ನಿದ್ದೆಯಿಲ್ಲ. ಇಲ್ಲಿ ಇಬ್ಬರ ಕೈಯಲ್ಲೂ ಇನ್ನೊಬ್ಬರ ಹಿಡಿತವಿದೆ: ಸಮಾಲೋಚಕಿಯ ಬಳಿ ಟೀಚರ್ ಗುಟ್ಟು, ಟೀಚರ್ ಬಳಿ ಸಮಾಲೋಚಕಿಯ ಮಗು. ಆದರೆ ದುಃಖದ ಈ ಕೆಲಸ ಕೆಲವು ವಾರಗಳಲ್ಲಿ ಒಂದು ಹಂತಕ್ಕೆ ಬರಬಹುದು; ಮಾರ್ಚ್ ಕಳೆದರೆ ಮಗು ಐದನೇ ತರಗತಿಗೆ ಹೋಗುತ್ತದೆ. ಅಲ್ಲಿಯವರೆಗೆ ಪೋಷಕರ ಸಭೆಗೆ ಗಂಡ ಹೋದರಾಯಿತು. ಹಾಗಾಗಿ ಒಪ್ಪಿಕೊಳ್ಳಬಹುದು. ಅದೇ ಟೀಚರ್ ಮುಖ್ಯೋಪಾಧ್ಯಾಯರ ಕಿರುಕುಳ ಹೇಳಿಕೊಳ್ಳಲು ಬಂದಿದ್ದರೆ ನನ್ನ ಉತ್ತರ ಬೇರೆ. ಆ ಶಾಲೆಯ ಬಗ್ಗೆ ಸಮಾಲೋಚಕಿಗೆ ತಾಯಿಯಾಗಿ ಒಂದು ಹಿತಾಸಕ್ತಿ ಇದೆ. ಕೇಳುವ ಕಿವಿ ಎರಡು ಕಡೆ ಎಳೆಯುತ್ತದೆ. ಆಗ ಕಾರಣ ನೇರವಾಗಿ ಹೇಳಿ ಜಿಲ್ಲಾಸ್ಪತ್ರೆಗೋ ಬೇರೆ ಊರಿನವರಿಗೋ ಕಳಿಸಬೇಕು. ಅಲ್ಲಿಯವರೆಗೆ 14416ಕ್ಕೆ, ಅಂದರೆ ಸರ್ಕಾರದ ಟೆಲಿ ಮಾನಸ್‌ಗೆ, ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಒಪ್ಪಿಕೊಂಡ ಮೇಲೆ ಮೊದಲ ಭೇಟಿಯಲ್ಲೇ ಕೆಲವು ಮಾತು ಆಗಿಹೋಗಬೇಕು. ಹೊರಗೆ ಸಿಕ್ಕರೆ ಸಮಾಲೋಚಕರು ತಾವಾಗಿ ಮಾತಾಡಿಸಬಾರದು ಎಂದು ಪಾಠ ಮಾಡುವುದುಂಟು. ನಮ್ಮ ಊರುಗಳಿಗೆ ಅದು ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ದಿನಾ "ಆರಾಮಾ ಟೀಚರೇ?" ಎನ್ನುತ್ತಿದ್ದವರು ಏಕಾಏಕಿ ಮುಖ ತಿರುಗಿಸಿದರೆ ಇಡೀ ಬೀದಿಗೆ ಸುದ್ದಿ. ಅವರನ್ನೇ ಕೇಳುವುದು ಮೇಲು: "ಪೇಟೆಯಲ್ಲಿ ಸಿಕ್ಕರೆ ಮೊದಲಿನ ಹಾಗೇ ಮಾತಾಡಿಸಲಾ? ಇಲ್ಲಿನ ವಿಷಯ ಮಾತ್ರ ಅಲ್ಲಿ ನಾನು ಎತ್ತೋದಿಲ್ಲ."

ನಿಜವಾದ ಕಷ್ಟ ಕಿವಿಗೆ ಬೀಳುವ ಮಾತಿನದು. ಟೀಚರ್ ಗಂಡ ಕುಡಿಯುತ್ತಾರೆ ಎಂದು ಹಾಲಿನ ಡೈರಿಯಲ್ಲಿ ಯಾರೋ ಹೇಳುತ್ತಾರೆ. ಟೀಚರ್ ಆ ಮಾತನ್ನೇ ಎತ್ತಿಲ್ಲ. ಸಮಾಲೋಚಕಿ ಅದನ್ನು ಕೋಣೆಯೊಳಗೆ ತರುವಂತಿಲ್ಲ, ಗೊತ್ತಿದ್ದೂ ಪ್ರಶ್ನೆಯನ್ನು ಅತ್ತ ತಿರುಗಿಸುವಂತೆಯೂ ಇಲ್ಲ. ಯಾವುದು ಟೀಚರ್ ಬಾಯಿಂದ ಬಂದದ್ದು, ಯಾವುದು ಹೊರಗಿನದು ಎಂದು ಮನಸ್ಸಿನಲ್ಲಿ ಬೇರೆಬೇರೆ ಇಟ್ಟುಕೊಳ್ಳಬೇಕು. ಇನ್ನು ಆ ಗಂಡನೇ ಬಂದು "ಮೇಡಂ, ನಮ್ಮ ಮನೆಯವರು ನಿಮ್ಮ ಹತ್ರ ಬರ್ತಿದ್ದಾರಾ?" ಎಂದು ಕೇಳಿದರೆ "ಯಾರು ಬಂದರು, ಯಾರು ಬಂದಿಲ್ಲ ಅಂತ ನಾನು ಯಾರಿಗೂ ಹೇಳೋದಿಲ್ಲ" ಎಂಬುದೇ ಉತ್ತರ. ಒಮ್ಮೆಯೂ ಬಾರದವರ ಬಗ್ಗೆ ಕೇಳಿದರೂ ಅದನ್ನೇ ಹೇಳಬೇಕು. "ಅವರು ಬಂದಿಲ್ಲ" ಎಂದು ಒಬ್ಬರ ವಿಷಯದಲ್ಲಿ ಹೇಳಿದವರ ಮೌನವೇ ಇನ್ನೊಬ್ಬರ ವಿಷಯದಲ್ಲಿ "ಹೌದು" ಎಂದಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ಜೀವಕ್ಕೆ ಅಪಾಯ, ಬೇರೊಬ್ಬರಿಗೆ ಹಾನಿಯಾಗುವ ಸಂಭವ, ಕೋರ್ಟಿನ ಆದೇಶ ಮುಂತಾದ ಕೆಲವೇ ಸಂದರ್ಭಗಳಿಗೆ ವಿನಾಯಿತಿ ಇದೆ. ಈ ವಿನಾಯಿತಿಗಳನ್ನೂ ಮೊದಲ ದಿನವೇ ತಿಳಿಸಿರಬೇಕು.

ಟೀಚರ್ ತೋಟದ ತೆಂಗಿನಕಾಯಿ ತಂದುಕೊಟ್ಟರೆ, ಗೃಹಪ್ರವೇಶಕ್ಕೆ ಕರೆದರೆ ಗಾಬರಿಪಡಬೇಕಿಲ್ಲ. ಅದು ಗೆರೆ ದಾಟಿದರೂ ಕೆಡುಕು ಮಾಡುವಂಥದ್ದಲ್ಲ. ಮಗಳಿಗೆ ಅವರಿಂದ ಪುಕ್ಕಟೆ ಟ್ಯೂಷನ್ ಹೇಳಿಸಿಕೊಂಡರೆ, ಅವರ ಚೀಟಿ ವ್ಯವಹಾರಕ್ಕೆ ಸೇರಿದರೆ ಮಾತ್ರ ಅದು ಉಲ್ಲಂಘನೆ. ಅಷ್ಟು ದೂರ ಹೋಗುವ ಮೊದಲೇ ಸುಳಿವು ಕಾಣುತ್ತದೆ. ಒಬ್ಬರಿಗೆ ಮಾತ್ರ ಮುಕ್ಕಾಲು ಗಂಟೆ ಒಂದೂವರೆ ಗಂಟೆಯಾಗುತ್ತದೆ, ರಾತ್ರಿ ಹತ್ತರ ಮೇಲೂ ಫೋನ್ ಎತ್ತುವುದಾಗುತ್ತದೆ. ನಾಳೆ ಶಾಲೆ ಗೇಟಿನಲ್ಲಿ ಮುಖ ನೋಡಬೇಕಲ್ಲ ಎಂದು ಕೇಳಲೇಬೇಕಾದ ಪ್ರಶ್ನೆ ನಾಲಿಗೆಯ ತುದಿಯಲ್ಲೇ ಉಳಿಯುತ್ತದೆ. ಎಲ್ಲಕ್ಕಿಂತ ಗಂಭೀರವಾದದ್ದು ಈ ಕೊನೆಯದೇ, ಏಕೆಂದರೆ ಅದು ಹೊರಗಿನ ಯಾರಿಗೂ ಕಾಣುವುದಿಲ್ಲ. ಅಂಥ ವಾರ ಬೇರೆ ಜಿಲ್ಲೆಯ ಹಿರಿಯ ಸಮಾಲೋಚಕರೊಬ್ಬರಿಗೆ ಫೋನ್ ಮಾಡಿ, ಹೆಸರು, ಶಾಲೆ ಯಾವುದನ್ನೂ ಹೇಳದೆ ಪ್ರಸಂಗ ವಿವರಿಸಬೇಕು. ಅವರೊಡನೆ ಆಡಿದ ಮಾತು, ತೆಗೆದುಕೊಂಡ ತೀರ್ಮಾನ, ತಾರೀಖು ಕಡತದಲ್ಲಿ ಬರೆದಿಡಬೇಕು. ಮುಂದಿನ ಭೇಟಿಯಲ್ಲೂ ಆ ಪ್ರಶ್ನೆ ಬಾಯಿಗೆ ಬಾರದಿದ್ದರೆ ಟೀಚರನ್ನು ಬೇರೆಯವರ ಬಳಿಗೆ ಕಳಿಸುವ ಹೊತ್ತು ಬಂದಿದೆ ಎಂದರ್ಥ.