ಕೊಡಗಿ ಗದ್ದೆ

ಮಗ ಜರ್ಮನಿಯಲ್ಲಿ ಇಂಜಿನಿಯರ್. ಹೋದ ತಿಂಗಳು ಒಂದು ಪತ್ರ ಬರೆದಿದ್ದ: "ಅಪ್ಪಾ, ಈಶ್ವರನ ಗುಡಿ ಮುಂದಿನ ಕೆರೆ ಕಟ್ಟಿಸಿದ್ದು ಯಾರು? ನಮ್ಮ ಮನೆತನದವರೇ ಅಂತ ಅಜ್ಜಿ ಹೇಳ್ತಿದ್ರು. ತೂಬಿನ ಹತ್ತಿರದ ಕಲ್ಲಿನಲ್ಲಿ ಏನಿದೆ, ಒಮ್ಮೆ ನೋಡಿ ತಿಳಿಸಿ." ಜೀವಮಾನವೆಲ್ಲ ಆ ಕೆರೆಯ ನೀರಿನಲ್ಲೇ ಬೇಸಾಯ ಮಾಡಿದ ನನಗೆ ಉತ್ತರ ಗೊತ್ತಿರಲಿಲ್ಲ.

ಮಾರನೆಯ ದಿನ ಏರಿಯ ಮೇಲೆ ಹೋದೆ. ತೂಬೆಂದರೆ ಎರಡು ಕಲ್ಲುಕಂಬ, ನಡುವೆ ತೂತಿನ ಅಡ್ಡಹಲಗೆಗಳು. ಆ ತೂತಿನಲ್ಲಿ ಇಳಿಬಿಟ್ಟ ಗಳು ತಳದ ಕಂಡಿಯನ್ನು ಮುಚ್ಚುತ್ತದೆ. ಎತ್ತಿದರೆ ನೀರು ಗದ್ದೆಗೆ. ಪಕ್ಕದ ಶಾಸನದ ಕಲ್ಲಿಗೆ ನೀರು ಹಾಕಿ, ತೆಂಗಿನ ನಾರಿನಿಂದ ಮೆಲ್ಲಗೆ ತೊಳೆದೆ. ನೆತ್ತಿಯ ಬಿಸಿಲಿನಲ್ಲಿ ಅಕ್ಷರ ಕಾಣವು. ಬೆಳಗಿನ ಓರೆ ಬಿಸಿಲು ಬಿದ್ದಾಗ ಗೆರೆಗಳಲ್ಲಿ ನೆರಳು ನಿಲ್ಲುತ್ತದೆ. ಎರಡೇ ಮಾತು ಸಿಕ್ಕವು: 'ಸೌಮ್ಯ', 'ಕೊಡಗೆ'.

ಸೌಮ್ಯ ಸಂವತ್ಸರದ ಹೆಸರು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದೊಂದರಿಂದಲೇ ಕಾಲ ತಿಳಿಯದು. ಜೊತೆಗೆ ಶಕವರ್ಷ ಬೇಕು. ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ ಶಾಸನದಲ್ಲಿ ಶಕ 1291, ಸೌಮ್ಯ ಎಂದು ಎರಡೂ ಇವೆ; 78 ಕೂಡಿಸಿದರೆ 1369. ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ ಆ ಕೆರೆಗೆ ದಿನಕ್ಕೆ ಸಾವಿರ ಆಳು, ಕಲ್ಲು ಹೇರಲು ನೂರು ಬಂಡಿ, ಎರಡು ವರ್ಷ ಹಿಡಿಯಿತಂತೆ. ನಮ್ಮ ಕಲ್ಲಿನಲ್ಲಿ ಶಕವರ್ಷದ ಜಾಗ ಸವೆದುಹೋಗಿದೆ. ಅದು 1369 ಆಗಬಹುದು, 1429 ಆಗಬಹುದು, 1489 ಕೂಡ ಆಗಬಹುದು.

ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಇಂಥಲ್ಲಿ ಕೈಹಿಡಿಯುತ್ತದೆ. ಹಳೇ ಮೈಸೂರಿನ ಶಾಸನಗಳು ಅದರಲ್ಲಿ ತಾಲ್ಲೂಕುವಾರು ಅಚ್ಚಾಗಿವೆ. ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಓದು, ಕಲ್ಲು ಇಷ್ಟು ಸವೆಯುವ ಮೊದಲಿನದು. ಹಾಸನ ಜಿಲ್ಲೆಯ ಸಂಪುಟ ತೆರೆದೆ. ನಮ್ಮ ಕಲ್ಲು ಸಿಗಲಿಲ್ಲ. ಆಗ ಹೂಳಿನಲ್ಲಿ ಮುಚ್ಚಿತ್ತೋ ಏನೋ. ಇನ್ನು ಲಿಪಿಯ ರೂಪ ನೋಡಿ ಶತಮಾನ ಹೇಳಬಲ್ಲವರಿಗೆ ಫೋಟೊ ತೋರಿಸಬೇಕು.

ಆದರೆ 'ಕೊಡಗೆ' ನನ್ನನ್ನು ಮನೆಗೇ ಕರೆತಂದಿತು. ಕೆರೆ ಕಟ್ಟಿದವರಿಗೆ, ಒಡೆದ ಏರಿ ದುರಸ್ತಿ ಮಾಡಿದವರಿಗೆ ಬಿಟ್ಟ ಭೂಮಿಗೆ ಆ ಹೆಸರು. ಕಂದಾಯ ಹಗುರ, ಬದಲಿಗೆ ಕೆರೆಯ ಹೊಣೆ ಭೂಮಿ ಉಣ್ಣುವವರದು. ಮೈಸೂರಿನ ಕಂದಾಯದ ಲೆಕ್ಕದಲ್ಲೂ ಅದು 'ಕೊಡಗಿ' ಎಂದೇ ಉಳಿಯಿತು. ತೂಬಿನ ಕೆಳಗಿನ ನಮ್ಮ ಗದ್ದೆಯನ್ನು ನಾವು ಇಂದಿಗೂ ಕೊಡಗಿ ಗದ್ದೆ ಎನ್ನುತ್ತೇವೆ. ಯಾಕೆಂದು ಯಾರೂ ಕೇಳಿರಲಿಲ್ಲ.

ಅಮ್ಮನ ಮಾತು ನಿಜವೆಂದು ಹಿಗ್ಗಿ, ಟ್ರಂಕಿನ ಕಾಗದಗಳನ್ನು ತೆಗೆದೆ. ಆ ಗದ್ದೆ ನನ್ನ ತಾತ ಬೇರೊಂದು ಮನೆಯವರಿಂದ ಕೊಂಡದ್ದು, ಕ್ರಯಪತ್ರವಿದೆ. ಆ ಮನೆಯ ಮುದುಕಿ ಇನ್ನೂ ಕೆಳಕೇರಿಯಲ್ಲಿದ್ದಾರೆ. "ಮಗಾ, ಕೆರೆ ಕಟ್ಟಿಸಿದ್ದು ನಾವಲ್ಲ" ಎಂದು ಬರೆದು, ನಾಳೆ ಅವರನ್ನು ಕೇಳಿ ಉಳಿದದ್ದು ತಿಳಿಸುತ್ತೇನೆಂದು ಸೇರಿಸಿದ್ದೇನೆ.